ರಾಜಿ ಅರ್ಜಿಯ ಷರತ್ತು ಎಲ್ಲಿ ಕೆಡುತ್ತದೆ: ಸಹಿಗೆ ಮುಂಚೆ ಮಾಡಬೇಕಾದ ತಪಾಸಣೆ

ರಾಜಿ ಅರ್ಜಿಯ ತಪ್ಪು ಸಹಿ ಹಾಕಿದ ದಿನ ಕಾಣಿಸುವುದಿಲ್ಲ. ಅವತ್ತು ಎಲ್ಲರಿಗೂ ಸಮಾಧಾನ ಆಗಿರುತ್ತದೆ. ಕೋರ್ಟು ರಾಜಿಯನ್ನು ದಾಖಲಿಸಿ ಡಿಕ್ರಿ ಕೊಡುತ್ತದೆ. ಆರು ತಿಂಗಳೋ ವರ್ಷವೋ ಕಳೆದ ಮೇಲೆ ಒಬ್ಬರು ಹಣ ಕೊಡುವುದಿಲ್ಲ, ಇಲ್ಲವೇ ಮನೆ ಬಿಡುವುದಿಲ್ಲ. ಆಗ ಡಿಕ್ರಿಯನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಹಾಕೋಣವೆಂದು ಡಿಕ್ರಿಯ ಪ್ರತಿ ತೆಗೆದು ಓದಿದರೆ, ನಾವು ಅಂದುಕೊಂಡಿದ್ದು ಅಲ್ಲಿ ಬರೆದೇ ಇಲ್ಲ ಅಂತ ಗೊತ್ತಾಗುತ್ತದೆ.

ಬಾಂಬೆ ಹೈಕೋರ್ಟ್ ಕಡೆ ಇದನ್ನು ಕನ್ಸೆಂಟ್ ಟರ್ಮ್ಸ್ ಅಂತಾರೆ. ನಮ್ಮ ಕಡೆ ರಾಜಿ ಅರ್ಜಿ. ಎರಡಕ್ಕೂ ಆಧಾರ ಒಂದೇ, ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 23, ನಿಯಮ 3. ರಾಜಿ ಬರಹದಲ್ಲಿರಬೇಕು, ಪಕ್ಷಕಾರರ ಸಹಿ ಇರಬೇಕು, ಕಾನೂನಿಗೆ ಒಪ್ಪುವಂಥದ್ದಾಗಿರಬೇಕು. ಇಷ್ಟಿದ್ದರೆ ಕೋರ್ಟು ಅದರಂತೆ ಡಿಕ್ರಿ ಮಾಡುತ್ತದೆ. ಅಲ್ಲಿಂದ ಮುಂದೆ ಅಮಲ್ಜಾರಿ ಕೋರ್ಟಿಗೆ ಡಿಕ್ರಿಯೇ ಕೊನೆಯ ಮಾತು. ಅದರಲ್ಲಿ ಇಲ್ಲದ್ದನ್ನು ಅದು ಸೇರಿಸುವುದಿಲ್ಲ. ಅರ್ಥ ತೊಡಕಾಗಿದ್ದರೆ ದಾವೆಯ ಕಾಗದಗಳನ್ನು ತೆಗೆದು ನೋಡಬಹುದು. ಆದರೆ ಹೊಸ ಷರತ್ತು ಬರೆದುಕೊಡುವ ಅಧಿಕಾರ ಅದಕ್ಕಿಲ್ಲ.

ಹಾಗಾಗಿ ಕರಡು ತಿದ್ದುವಾಗ ಡಿಕ್ರಿಯನ್ನು ಜಾಗಕ್ಕೆ ಹೋಗಿ ಜಾರಿ ಮಾಡುವ ಕೋರ್ಟ್ ಅಮೀನರನ್ನು ನಾನು ಕಣ್ಣ ಮುಂದೆ ಇಟ್ಟುಕೊಳ್ಳುತ್ತೇನೆ. ಅವರಿಗೆ ಈ ಕುಟುಂಬದ ಕಥೆ ಗೊತ್ತಿಲ್ಲ. ಕೈಯಲ್ಲಿರುವುದು ಡಿಕ್ರಿಯ ಪ್ರತಿ ಮತ್ತು ವಾರಂಟು ಮಾತ್ರ. ಆ ಹಾಳೆ ಹಿಡಿದುಕೊಂಡು ಹೊಲದ ಬದುವಿನ ಮೇಲೆ ನಿಂತಾಗ ಯಾರಿಂದ ಏನನ್ನು ಯಾರಿಗೆ ಯಾವತ್ತು ಕೊಡಿಸಬೇಕು ಅಂತ ಯಾರನ್ನೂ ಕೇಳದೆ ಅವರಿಗೆ ಗೊತ್ತಾಗಬೇಕು.

ನನ್ನ ಕೈಗೆ ಬಂದ ಒಂದು ಕರಡನ್ನೇ ಇಟ್ಟುಕೊಂಡು ಹೇಳುತ್ತೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಾಯಿಸಿದ್ದೇನೆ. ಅದು ವಿಭಾಗದ ದಾವೆ. ವಾದಿ ತಂಗಿ, 1ನೇ ಪ್ರತಿವಾದಿ ಅಣ್ಣ, 2ನೇ ಪ್ರತಿವಾದಿ ತಮ್ಮ. ಷೆಡ್ಯೂಲ್ ಎ ಒಂದು ಹೊಲ, ಷೆಡ್ಯೂಲ್ ಬಿ ಊರಿನ ಮನೆ. ಹೊಲವನ್ನು ಮೂವರೂ ಹಂಚಿಕೊಳ್ಳುವುದು, ಮನೆಯನ್ನು ಅಣ್ಣನಿಗೆ ಬಿಟ್ಟು ತಂಗಿಗೆ ಹಣ ಕೊಡುವುದು ಅಂತ ಮಾತಾಗಿತ್ತು. ಮನೆಯಲ್ಲಿನ ತಮ್ಮನ ಪಾಲಿಗೆ ಹಿಂದೆಯೇ ಲೆಕ್ಕ ಚುಕ್ತಾ ಆಗಿತ್ತು. ಕರಡಿನಲ್ಲಿ ಒಂಬತ್ತು ಷರತ್ತು ಇದ್ದವು. ಮೊದಲ ಮೂರು ಹೊಲದ ಹಂಚಿಕೆಯವು. 4 ಮನೆ ಮತ್ತು ಹಣದ್ದು, 5 ದಾರಿಯದ್ದು, 6 ಬೋರ್‌ವೆಲ್ ನೀರಿನ ಸರದಿಯದ್ದು, 7 ಖಾತೆ ಬದಲಾವಣೆಯದ್ದು, 8 ಖರ್ಚಿನದ್ದು. 9ನೆಯದು ನೀರಿನ ಸರದಿ ಮುರಿದರೆ ಏನು ಅನ್ನುವುದು.

ಲಕ್ಷಣ ಒಂದು: ಓದಿದರೆ ಅರ್ಥ ಆಗುತ್ತದೆ, ಆದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ

4ನೇ ಷರತ್ತು ಕರಡಿನಲ್ಲಿ ಹೀಗಿತ್ತು:

"4. 1ನೇ ಪ್ರತಿವಾದಿಯವರು ವಾದಿಗೆ ಮನೆಯ ಹಿಸ್ಸೆಯ ಬಾಬ್ತು ರೂ. 6,00,000/- ಕೊಟ್ಟಿರುತ್ತಾರೆ ಹಾಗೂ ಸದರಿಯವರು ಮೂರು ತಿಂಗಳೊಳಗೆ ಸದರಿ ಸ್ವತ್ತನ್ನು ಖಾಲಿ ಮಾಡಿ ಸ್ವಾಧೀನ ಬಿಟ್ಟುಕೊಡಲು ಒಪ್ಪಿರುತ್ತಾರೆ."

ಕೋರ್ಟ್ ಕಾಗದಗಳಲ್ಲಿ ದಿನಾ ನೋಡುವ ಭಾಷೆ ಇದು. ತಪ್ಪು ಅಂತ ಅನಿಸುವುದೇ ಇಲ್ಲ. ಆದರೆ ನಿಜವಾದ ಮಾತುಕತೆ ಬೇರೆ ಇತ್ತು. ಅಣ್ಣ ಅವತ್ತು ಡಿಡಿ ಮೂಲಕ ಕೊಟ್ಟಿದ್ದು 2 ಲಕ್ಷ. ಉಳಿದ 4 ಲಕ್ಷ ಆಮೇಲೆ. ಅದು ಪೂರ್ತಿ ಬಂದ ಮೇಲೆ ತಂಗಿ ಆ ಮನೆಯಲ್ಲಿ ತಾನಿದ್ದ ಎರಡು ಕೋಣೆ ಬಿಟ್ಟುಕೊಡಬೇಕು. ಈಗ ಷರತ್ತನ್ನು ಇನ್ನೊಮ್ಮೆ ಓದಿ.

"ಕೊಟ್ಟಿರುತ್ತಾರೆ" ಅಂದರೆ ಕೊಟ್ಟಾಗಿದೆ. ಕೋರ್ಟಿನ ಕನ್ನಡದಲ್ಲಿ "ಇರುತ್ತಾರೆ" ಅನ್ನುವುದು ಮಾತಿನ ಕೊನೆಗೆ ಅಭ್ಯಾಸದಿಂದ ಬಂದುಬಿಡುತ್ತದೆ. ಕರಡು ಬರೆದವರು ಕೊಡುತ್ತಾರೆ ಅನ್ನುವ ಅರ್ಥದಲ್ಲಿ ಬರೆದಿರಬಹುದು. ಆದರೆ ಹಾಳೆಯ ಮೇಲೆ ಅದು ರಸೀದಿ ಆಗಿ ಕೂತಿದೆ. ತಂಗಿ ಸಹಿ ಮಾಡಿದರೆ ಪೂರ್ತಿ 6 ಲಕ್ಷ ಮುಟ್ಟಿದೆ ಅಂತ ಅವರೇ ಒಪ್ಪಿದ ಹಾಗೆ. ನನ್ನ ಪ್ರಕಾರ ಕನ್ನಡ ರಾಜಿ ಅರ್ಜಿಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಹಾನಿ ಮಾಡುವ ಪದ ಇದೇ. ಆದ್ದರಿಂದ ಕರಡು ಬಂದ ಕೂಡಲೇ ನಾನು ಮೊದಲು ಕ್ರಿಯಾಪದಗಳಿಗೆಲ್ಲ ಗೆರೆ ಹಾಕುತ್ತೇನೆ. ಆಗಿಹೋದ ಕೆಲಸಕ್ಕೆ "ಕೊಟ್ಟಿದ್ದಾರೆ, ಪಡೆದಿದ್ದಾರೆ". ಇನ್ನು ಆಗಬೇಕಾದ್ದಕ್ಕೆ "ಕೊಡತಕ್ಕದ್ದು, ಬಿಡತಕ್ಕದ್ದು". "ಒಪ್ಪಿರುತ್ತಾರೆ" ಎಲ್ಲಿದ್ದರೂ ತೆಗೆಯುತ್ತೇನೆ. ಒಪ್ಪಿದ್ದಾರೆ ಅನ್ನುವುದು ಅರ್ಜಿಯ ಮೊದಲ ಪ್ಯಾರಾದಲ್ಲಿ ಒಂದು ಸಲ ಬಂದರೆ ಸಾಕು, ಅಲ್ವಾ?

ಆಮೇಲೆ "ಸದರಿಯವರು". ವಾಕ್ಯದ ಕರ್ತೃ 1ನೇ ಪ್ರತಿವಾದಿ. ಹಾಗಾಗಿ ಮನೆ ಖಾಲಿ ಮಾಡಬೇಕಾದವರು ಅಣ್ಣ ಅಂತ ಓದಿಕೊಳ್ಳಬಹುದು. ಹತ್ತಿರದ ಹೆಸರು ಹಿಡಿದರೆ ವಾದಿ ಅಂತಲೂ ಓದಬಹುದು. "ಸದರಿ ಸ್ವತ್ತು" ಇನ್ನೂ ಕಷ್ಟ. ಹಿಂದಿನ ಮೂರು ಷರತ್ತಿನಲ್ಲಿ ಸದರಿ ಸ್ವತ್ತು ಅಂದರೆ ಹೊಲ. ಇಲ್ಲಿ ಇದ್ದಕ್ಕಿದ್ದಂತೆ ಮನೆ. ಇದನ್ನು ಪತ್ತೆ ಮಾಡುವ ದಾರಿ ಸುಲಭ. "ಸದರಿ", "ಮೇಲ್ಕಂಡ", "ಅವರು", "ಅದು" ಎಲ್ಲಿ ಬಂದರೂ ಪೆನ್ಸಿಲ್‌ನಲ್ಲಿ ಅದರ ಮೇಲೆ ನಿಜವಾದ ಹೆಸರು ಬರೆಯಿರಿ. ಬರೆಯುವಾಗ ಒಂದು ಕ್ಷಣ ಯೋಚಿಸಬೇಕಾಗಿ ಬಂದರೆ ಆ ಪದ ಅಲ್ಲಿ ಇರಬಾರದು. "ವಾದಿ", "1ನೇ ಪ್ರತಿವಾದಿ", "ಷೆಡ್ಯೂಲ್ ಬಿ ಮನೆ" ಅಂತ ಹತ್ತು ಸಲ ಬಂದರೂ ಪರವಾಗಿಲ್ಲ. ಓದಲು ಬೇಜಾರಾಗಬಹುದು, ಆದರೆ ತಪ್ಪಾಗುವುದಿಲ್ಲ.

"ಮೂರು ತಿಂಗಳೊಳಗೆ" ಯಾವತ್ತಿನಿಂದ? ಅರ್ಜಿಗೆ ಸಹಿ ಹಾಕಿದ ದಿನವೋ, ಕೋರ್ಟು ರಾಜಿ ದಾಖಲಿಸಿದ ದಿನವೋ, ಹಣ ಕೊಟ್ಟ ದಿನವೋ? ಈ ಮೂರೂ ಒಂದೇ ದಿನ ಆಗಬೇಕೆಂದಿಲ್ಲ. ಒಬ್ಬ ಪಕ್ಷಕಾರ ಹಾಜರಾಗದೆ ವಾಯಿದೆ ಮುಂದೆ ಹೋದರೆ ನಡುವೆ ವಾರಗಳೇ ಕಳೆಯುತ್ತವೆ. ಕ್ಯಾಲೆಂಡರ್ ದಿನಾಂಕ ಹಾಕಲು ಆಗುವ ಕಡೆ ದಿನಾಂಕವನ್ನೇ ಹಾಕಿ. ಒಂದು ಘಟನೆ ಆದ ಮೇಲೆ ಶುರುವಾಗುವ ಗಡುವಾದರೆ ಆ ಘಟನೆಯನ್ನು ಹೆಸರಿಸಿ.

ಕೊನೆಯದು "ಹಾಗೂ". ಒಂದು ಷರತ್ತಿನಲ್ಲಿ ಎರಡು ಕೆಲಸವನ್ನು ಜೋಡಿಸಿದರೆ ಯಾವುದು ಮೊದಲು ಅಂತ ಗೊತ್ತಾಗುವುದಿಲ್ಲ. ಅಣ್ಣ "ಮನೆ ಬಿಡಲಿ, ಆಮೇಲೆ ಹಣ" ಅಂತಾನೆ. ತಂಗಿ "ಹಣ ಬರಲಿ, ಆಮೇಲೆ ಬಿಡುತ್ತೇನೆ" ಅಂತಾಳೆ. ಇಬ್ಬರೂ ತೋರಿಸುವುದು ಅದೇ 4ನೇ ಷರತ್ತನ್ನು.

ತಿದ್ದಿದ ಮೇಲೆ ಅದು ಐದು ಷರತ್ತಾಯಿತು:

"4. ಷೆಡ್ಯೂಲ್ ಬಿ ಮನೆಯಲ್ಲಿ ವಾದಿಗೆ ಇರುವ ಹಿಸ್ಸೆಗೆ ಬದಲಾಗಿ 1ನೇ ಪ್ರತಿವಾದಿಯು ವಾದಿಗೆ ಒಟ್ಟು ರೂ. 6,00,000 (ಆರು ಲಕ್ಷ ರೂಪಾಯಿ) ಕೊಡತಕ್ಕದ್ದು.

5. ಷರತ್ತು 4ರ ಮೊತ್ತದಲ್ಲಿ ರೂ. 2,00,000 (ಎರಡು ಲಕ್ಷ ರೂಪಾಯಿ) ಮಾತ್ರ ವಾದಿಯು ಈ ದಿನ ಡಿಡಿ ಮೂಲಕ ಪಡೆದಿದ್ದಾರೆ.

6. ಉಳಿದ ರೂ. 4,00,000 (ನಾಲ್ಕು ಲಕ್ಷ ರೂಪಾಯಿ) ಅನ್ನು 1ನೇ ಪ್ರತಿವಾದಿಯು 30-09-2024ರಂದು ಅಥವಾ ಅದಕ್ಕೆ ಮುಂಚೆ ವಾದಿಯ ಬ್ಯಾಂಕ್ ಖಾತೆಗೆ ಜಮಾ ಮಾಡತಕ್ಕದ್ದು ಅಥವಾ ಈ ನ್ಯಾಯಾಲಯದಲ್ಲಿ ಠೇವಣಿ ಇಡತಕ್ಕದ್ದು.

7. ಷರತ್ತು 6ರ ಹಣ ಪೂರ್ತಿ ಜಮಾ ಅಥವಾ ಠೇವಣಿ ಆದ ದಿನದಿಂದ 15 ದಿನಗಳ ಒಳಗೆ ವಾದಿಯು ಷೆಡ್ಯೂಲ್ ಬಿ ಮನೆಯ ಪಶ್ಚಿಮ ಭಾಗದ ಎರಡು ಕೋಣೆಗಳನ್ನು ಖಾಲಿ ಮಾಡಿ 1ನೇ ಪ್ರತಿವಾದಿಗೆ ಸ್ವಾಧೀನ ಕೊಡತಕ್ಕದ್ದು.

8. ಷರತ್ತು 6ರ ಹಣವನ್ನು ಆ ದಿನಾಂಕದೊಳಗೆ ಕೊಡದಿದ್ದರೆ ಬಾಕಿ ಮೊತ್ತಕ್ಕೆ 01-10-2024ರಿಂದ ವರ್ಷಕ್ಕೆ ಶೇ. 9ರಂತೆ ಬಡ್ಡಿ ಸೇರತಕ್ಕದ್ದು. ಬಡ್ಡಿ ಸಹಿತ ಪೂರ್ತಿ ಹಣ ಸಲ್ಲುವವರೆಗೆ ಷರತ್ತು 7ರ ಹೊಣೆ ವಾದಿಯ ಮೇಲೆ ಬರತಕ್ಕದ್ದಲ್ಲ."

5ನೇ ಷರತ್ತಿನಲ್ಲಿ ಡಿಡಿ ನಂಬರ್, ತಾರೀಖು, ಶಾಖೆ ಕೂಡ ಬರೆದೆವು. ಠೇವಣಿ ಅನ್ನುವ ಮಾತು ಅಣ್ಣನ ರಕ್ಷಣೆಗೆ. ತಂಗಿ ಖಾತೆ ನಂಬರ್ ಕೊಡದೆ ಸುಮ್ನೆ ಕೂತರೆ ಅಣ್ಣ ತಪ್ಪಿತಸ್ಥ ಆಗಬಾರದು. 8ನೆಯದು ತಂಗಿಯ ರಕ್ಷಣೆಗೆ. ಬಡ್ಡಿ ಎಷ್ಟು ಅಂತ ಬರೆಯದಿದ್ದರೆ ಆಮೇಲೆ ಅಮಲ್ಜಾರಿಯಲ್ಲಿ ಅದನ್ನು ಕೇಳಿ ಪಡೆಯುವುದು ಬಲು ಕಷ್ಟ. ಕರಡು ತಿದ್ದುವವನು ಒಬ್ಬರ ಪರ ವಕೀಲನೇ ಆಗಿದ್ದರೂ ಎರಡೂ ಕಡೆಯ ಬಾಗಿಲು ಭದ್ರ ಮಾಡಬೇಕು. ಒಂದು ಕಡೆ ಸಡಿಲ ಬಿಟ್ಟ ರಾಜಿ ಮತ್ತೆ ಜಗಳಕ್ಕೇ ಬರುತ್ತದೆ.

ಲಕ್ಷಣ ಎರಡು: ಷರತ್ತಿನ ನಂಬರ್ ಸರಿ ಇದೆ, ಆದರೆ ತೋರಿಸುವ ಜಾಗ ತಪ್ಪು

ಒಂದು ಷರತ್ತು ಐದಾಯಿತಲ್ಲ, ಹಾಗಾಗಿ ಅದರ ನಂತರದ್ದೆಲ್ಲ ನಾಲ್ಕು ನಂಬರ್ ಕೆಳಗೆ ಇಳಿಯಿತು. ನೀರಿನ ಸರದಿ 6 ಇದ್ದದ್ದು 10 ಆಯಿತು. ನೀರಿನ ತಪ್ಪಿಗೆ ಇದ್ದ 9ನೇ ಷರತ್ತು 13 ಆಯಿತು. ಆದರೆ ಅದರ ಒಳಗಿನ ಮಾತು ಹಳೆಯದೇ ಉಳಿದಿತ್ತು: "ಷರತ್ತು 6ರಂತೆ ನಡೆಯದ ಪಕ್ಷಕಾರರು ಒಂದು ತಿಂಗಳ ಕಾಲ ಬೋರ್‌ವೆಲ್ ನೀರಿನ ಹಕ್ಕು ಕಳೆದುಕೊಳ್ಳತಕ್ಕದ್ದು."

ಈಗಿನ 6 ಯಾವುದು? ನಾಲ್ಕು ಲಕ್ಷದ ಬಾಕಿ. ಅಂದರೆ ಅಣ್ಣ ಹಣ ತಡ ಮಾಡಿದರೆ ಅವನ ಬೆಳೆಗೆ ಒಂದು ತಿಂಗಳು ನೀರಿಲ್ಲ. ಸರದಿ ಮುರಿದವನಿಗೆ ಏನೂ ಇಲ್ಲ. ವಾಕ್ಯ ವ್ಯಾಕರಣಕ್ಕೆ ಸರಿ, ಓದಲು ಚೆನ್ನಾಗಿದೆ, ಕೇಳಿದವರಿಗೆ ನ್ಯಾಯ ಅಂತಲೂ ಅನಿಸಬಹುದು. ಅದಕ್ಕೇ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಸುಮ್ನೆ ಮೇಲಿಂದ ಕೆಳಗೆ ಓದಿದರೆ ಯಾರಿಗೂ ಸಿಗುವುದಿಲ್ಲ.

ಪತ್ತೆ ಮಾಡುವುದು ಹೀಗೆ. ಕರಡನ್ನು ಪ್ರಿಂಟ್ ತೆಗೆಯಿರಿ. ಇನ್ನೊಂದು ಹಾಳೆಯಲ್ಲಿ ಎರಡು ಸಾಲು ಮಾಡಿ. ಎಡಕ್ಕೆ, ಬೇರೆ ಷರತ್ತನ್ನು ಹೆಸರಿಸುವ ಷರತ್ತಿನ ನಂಬರ್. ಬಲಕ್ಕೆ, ಅದು ಹೆಸರಿಸುವ ನಂಬರ್ ಮತ್ತು ಆ ಷರತ್ತಿನ ವಿಷಯ ಒಂದೇ ಪದದಲ್ಲಿ: ಹಣ, ದಾರಿ, ನೀರು. 13ರ ಎದುರು "6, ಹಣ" ಅಂತ ಬರೆಯುವಾಗಲೇ ತಪ್ಪು ಎದ್ದು ಕಾಣುತ್ತದೆ. ನೀರಿನ ಷರತ್ತು ಹಣವನ್ನು ಏಕೆ ಕರೆಯುತ್ತಿದೆ?

ಕಂಪ್ಯೂಟರ್‌ನಲ್ಲಿ ಹುಡುಕುತ್ತೇನೆ ಅನ್ನುವವರಿಗೆ ಎರಡು ಎಚ್ಚರಿಕೆ. ಕಡತ ಹಳೆಯ ನುಡಿ ಫಾಂಟಿನಲ್ಲಿ, ಅಂದರೆ ಯುನಿಕೋಡ್ ಅಲ್ಲದ ಅಕ್ಷರದಲ್ಲಿ ಇದ್ದರೆ `Ctrl+F` ಒತ್ತಿ ಯುನಿಕೋಡ್‌ನಲ್ಲಿ "ಷರತ್ತು" ಅಂತ ಟೈಪ್ ಮಾಡಿದರೆ ಒಂದೂ ಸಿಗುವುದಿಲ್ಲ. ಒಂದೂ ಇಲ್ಲ ಅಂತ ನಂಬಿ ಮುಂದೆ ಹೋಗಬೇಡಿ. ಎರಡನೆಯದು, ಕನ್ನಡ ಅಂಕಿ ಮತ್ತು ಇಂಗ್ಲಿಷ್ ಅಂಕಿ ಬೆರೆತಿದ್ದರೆ `6` ಹುಡುಕಿದಾಗ `೬` ಸಿಗುವುದಿಲ್ಲ. ಅದೂ ಅಲ್ಲದೆ ೬ ಮತ್ತು ೯ ಸಣ್ಣ ಅಕ್ಷರದ ಪ್ರಿಂಟಿನಲ್ಲಿ, ಅದರಲ್ಲೂ ಝೆರಾಕ್ಸ್‌ನ ಝೆರಾಕ್ಸ್‌ನಲ್ಲಿ, ಒಂದೇ ತರಹ ಕಾಣುತ್ತವೆ. ನಾನು ಇಡೀ ಅರ್ಜಿಗೆ ಒಂದೇ ಬಗೆಯ ಅಂಕಿ ಇಡುತ್ತೇನೆ. ಹಣವನ್ನು ಅಕ್ಷರದಲ್ಲೂ ಬರೆಸುತ್ತೇನೆ.

ವರ್ಡ್‌ನಲ್ಲಿ ನಂಬರ್ ತಾನಾಗಿ ಬರುವಂತೆ ಮಾಡಿದ್ದರೆ ಇನ್ನೊಂದು ತೊಂದರೆ ಇದೆ. ಸಾಲಿನ ಮುಂದಿನ ನಂಬರ್ ತಾನೇ ಬದಲಾಗುತ್ತದೆ, ವಾಕ್ಯದೊಳಗೆ ಕೈಯಿಂದ ಟೈಪ್ ಮಾಡಿದ "ಷರತ್ತು 6" ಬದಲಾಗುವುದಿಲ್ಲ. ಮೇಲಿನ ಎಡವಟ್ಟು ಆಗಿದ್ದೇ ಹಾಗೆ. ಅದೇ ಪಠ್ಯವನ್ನು ಆಮೇಲೆ ಡಿಕ್ರಿಗೆ ನಕಲು ಮಾಡಿ ಅಂಟಿಸುವಾಗ ಆ ತಾನಾಗಿ ಬಂದ ನಂಬರ್ ಬಿಟ್ಟುಹೋಗುವುದೂ ಉಂಟು, 1ರಿಂದ ಮತ್ತೆ ಶುರುವಾಗುವುದೂ ಉಂಟು. ಹಾಗಾಗಿ ಕರಡು ಅಂತಿಮ ಆದ ಮೇಲೆ ನಂಬರ್‌ಗಳನ್ನು ಕೈಯಿಂದಲೇ ಟೈಪ್ ಮಾಡಿಬಿಡಿ. "5(ಎ)" ಅಂತ ನಡುವೆ ಕೈಬರಹದಲ್ಲಿ ತೂರಿಸುವುದನ್ನು ನಾನು ಒಪ್ಪುವುದಿಲ್ಲ. ಆ ಪುಟವನ್ನೇ ಹೊಸದಾಗಿ ಪ್ರಿಂಟ್ ತೆಗೆಯಲು ಐದು ನಿಮಿಷ ಸಾಕು.

ಲಕ್ಷಣ ಮೂರು: ಷರತ್ತು ಸರಿ, ಹೊಲಕ್ಕೆ ಹೋದರೆ ಕೂಡುವುದಿಲ್ಲ

ಮೊದಲ ಮೂರು ಷರತ್ತಿನಲ್ಲಿ ವಾದಿಗೆ 1 ಎಕರೆ, ಪ್ರತಿವಾದಿಗಳಿಗೆ ತಲಾ 1 ಎಕರೆ 6 ಗುಂಟೆ ಅಂತ ಇತ್ತು. ಎಕರೆಗೆ 40 ಗುಂಟೆ. 40, 46, 46 ಕೂಡಿದರೆ 132 ಗುಂಟೆ, ಅಂದರೆ 3 ಎಕರೆ 12 ಗುಂಟೆ. ಪಹಣಿಯ ಒಟ್ಟು ವಿಸ್ತೀರ್ಣವೂ ಅಷ್ಟೇ. ಎಲ್ಲರೂ ಲೆಕ್ಕ ಸರಿ ಅಂದರು. ಆದರೆ ಪಹಣಿಯಲ್ಲಿ ಒಟ್ಟು ವಿಸ್ತೀರ್ಣದ ಕೆಳಗೇ 4 ಗುಂಟೆ ಬಿ ಖರಾಬು ಅಂತಲೂ ಇತ್ತು. ಅದು ಹಳ್ಳ. ಬಿ ಖರಾಬು ಸಾರ್ವಜನಿಕರದ್ದು, ಅಣ್ಣತಮ್ಮಂದಿರು ಹಂಚಿಕೊಳ್ಳಲು ಬರುವುದಿಲ್ಲ. ಹಂಚಲು ಇದ್ದದ್ದು 128 ಗುಂಟೆ. ಯಾರ ಪಾಲಿನಲ್ಲಿ ಆ 4 ಗುಂಟೆ ಕಡಿಮೆ ಆಗಬೇಕು ಅಂತ ಕಾಗದದಲ್ಲಿ ಇರಲಿಲ್ಲ. ಮೂವರನ್ನೂ ಕೂರಿಸಿ ಕೇಳಿದಾಗ ತಂಗಿಯ ಒಂದು ಎಕರೆ ಮುಟ್ಟುವುದು ಬೇಡ ಅಂತ ಅಣ್ಣತಮ್ಮಂದಿರೇ ಹೇಳಿದರು. ತಲಾ 1 ಎಕರೆ 4 ಗುಂಟೆ ಆಯಿತು. 40, 44, 44, ಒಟ್ಟು 128.

ಚಕ್ಕುಬಂದಿಗೆ, ಅಂದರೆ ನಾಲ್ಕು ದಿಕ್ಕಿನ ಗಡಿಗಳಿಗೆ, ಒಂದು ಚಿತ್ರ ಬರೆಯಲೇಬೇಕು. ಅಳತೆಯ ನಕ್ಷೆ ಬೇಕಾಗಿಲ್ಲ, ಹಾಳೆಯ ಹಿಂಬದಿಯಲ್ಲಿ ಮೂರು ಪಟ್ಟಿ ಸಾಕು. ಉತ್ತರದಲ್ಲಿ ರಸ್ತೆ. ಅದರ ಪಕ್ಕ ವಾದಿ, ಆಮೇಲೆ 1ನೇ ಪ್ರತಿವಾದಿ, ಕೊನೆಗೆ 2ನೇ ಪ್ರತಿವಾದಿ. ಒಬ್ಬರ ದಕ್ಷಿಣ ಇನ್ನೊಬ್ಬರ ಉತ್ತರ ಆಗಿರಬೇಕು. ಕರಡಿನಲ್ಲಿ ವಾದಿಯ ಭಾಗಕ್ಕೆ "ದಕ್ಷಿಣಕ್ಕೆ: 2ನೇ ಪ್ರತಿವಾದಿಯ ಭಾಗ" ಅಂತಿತ್ತು. 1ನೇ ಪ್ರತಿವಾದಿಯ ಭಾಗಕ್ಕೆ "ಉತ್ತರಕ್ಕೆ: ವಾದಿಯ ಭಾಗ" ಅಂತಿತ್ತು. ಎರಡೂ ಒಟ್ಟಿಗೆ ನಿಜ ಆಗಲು ಸಾಧ್ಯವಿಲ್ಲ. ಓದಿದಾಗ ಸಿಗದ ಈ ತಪ್ಪು ಗೆರೆ ಎಳೆದಾಗ ಅರ್ಧ ನಿಮಿಷಕ್ಕೆ ಸಿಕ್ಕಿತು.

ದಾರಿಯ ಷರತ್ತು ಹೀಗಿತ್ತು: "ವಾದಿಯ ಭಾಗದ ಪಶ್ಚಿಮಕ್ಕೆ 10 ಅಡಿ ಬಂಡಿ ದಾರಿ ಬಿಡುವುದು." ಪಶ್ಚಿಮಕ್ಕೆ ಅಂದರೆ ಅವರ ಜಮೀನಿನ ಒಳಗಿನ ಪಶ್ಚಿಮ ಅಂಚೋ, ಗಡಿಯಿಂದ ಆಚೆಗೋ? ಆಚೆ ಇರುವುದು ಬೇರೆಯವರ ಹೊಲ. ತಿದ್ದಿದ ಮೇಲೆ: "ವಾದಿಯ ಭಾಗದ ಒಳಗೆ, ಅದರ ಪಶ್ಚಿಮ ಗಡಿಗೆ ಹೊಂದಿಕೊಂಡಂತೆ, ಉತ್ತರದ ರಸ್ತೆಯಿಂದ 1ನೇ ಪ್ರತಿವಾದಿಯ ಭಾಗದವರೆಗೆ 10 ಅಡಿ ಅಗಲದ ದಾರಿ ಇರತಕ್ಕದ್ದು. ಈ ದಾರಿಯ ವಿಸ್ತೀರ್ಣ ವಾದಿಯ 1 ಎಕರೆಯಲ್ಲಿ ಸೇರಿದೆ." ಅದೇ ದಾರಿ 1ನೇ ಪ್ರತಿವಾದಿಯ ಭಾಗ ದಾಟಿ ತಮ್ಮನ ಹೊಲದವರೆಗೂ ಹೋಗಬೇಕು ಅನ್ನುವುದನ್ನು ಇನ್ನೊಂದು ವಾಕ್ಯದಲ್ಲಿ ಬರೆದೆವು. ಇಲ್ಲದಿದ್ದರೆ ತಮ್ಮನಿಗೆ ಹೊಲ ಇದೆ, ಹೋಗಲು ದಾರಿ ಇಲ್ಲ.

ಷೆಡ್ಯೂಲ್ ನೋಡುವಾಗಲೇ ಇನ್ನೊಂದು ಮಾತು. ದಾವೆಯಲ್ಲಿ ಇಲ್ಲದ ಸ್ವತ್ತು ರಾಜಿಯಲ್ಲಿ ಬಂದಿದೆಯೇ ಅಂತ ನೋಡಿ. ಬರಬಾರದು ಅಂತೇನಿಲ್ಲ. ಆದರೆ ಅಂಥ ಸ್ಥಿರ ಸ್ವತ್ತಿದ್ದರೆ ರಾಜಿ ಡಿಕ್ರಿಗೆ ನೋಂದಣಿಯಿಂದ ಇರುವ ವಿನಾಯಿತಿ ಅದಕ್ಕೆ ಸಿಗುವುದಿಲ್ಲ.

ತಪ್ಪು ಸಿಕ್ಕಿದ್ದು ತಡವಾಗಿ ಆದರೆ

ಕೋರ್ಟು ರಾಜಿ ದಾಖಲಿಸುವುದಕ್ಕೆ ಮುಂಚೆ ಸಿಕ್ಕರೆ ಹೊಸ ಅರ್ಜಿ ಮಾಡಿ ಎಲ್ಲರ ಸಹಿ ಮತ್ತೆ ಹಾಕಿಸಿ. ಡಿಕ್ರಿ ಆದ ಮೇಲೆ ದಾರಿ ತುಂಬಾ ಕಿರಿದು. ಟೈಪಿಂಗ್ ತಪ್ಪು, ಕೂಡುವ ಕಳೆಯುವ ತಪ್ಪುಗಳಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 152ರಲ್ಲಿ ಅರ್ಜಿ ಹಾಕಬಹುದು. ಸರ್ವೆ ನಂಬರಿನ ಅಂಕಿ ಹಿಂದುಮುಂದಾಗಿದ್ದರೆ ಅದರಲ್ಲಿ ಸರಿಹೋಗುತ್ತದೆ. ಆದರೆ "ಕೊಟ್ಟಿರುತ್ತಾರೆ" ಅನ್ನುವುದನ್ನು "ಕೊಡತಕ್ಕದ್ದು" ಅಂತ ಮಾಡುವುದು ಟೈಪಿಂಗ್ ತಿದ್ದುಪಡಿ ಅಲ್ಲ. ಅದು ಅರ್ಥವನ್ನೇ ಬದಲಾಯಿಸುತ್ತದೆ, ಎದುರಿನವರು ಒಪ್ಪಬೇಕು. ಕಲಂ 96(3)ರ ಪ್ರಕಾರ ಒಪ್ಪಿಗೆಯ ಡಿಕ್ರಿ ಮೇಲೆ ಅಪೀಲಿಲ್ಲ. ರಾಜಿ ಕಾನೂನಿಗೆ ಒಪ್ಪುವಂಥದ್ದಲ್ಲ ಅಂತ ಬೇರೆ ದಾವೆ ಹಾಕುವುದನ್ನು ಆದೇಶ 23ರ ನಿಯಮ 3ಎ ತಡೆಯುತ್ತದೆ. ಡಿಕ್ರಿ ಕೊಟ್ಟ ಕೋರ್ಟಿಗೇ ಹೋಗಿ ಕೇಳಬೇಕು.

ಹಾಗಾಗಿ ಕೊನೆಯ ತಪಾಸಣೆ ಯಾವಾಗಲೂ ಪಕ್ಷಕಾರರ ಮುಂದೆ, ಗಟ್ಟಿಯಾಗಿ ಓದಿ. ಓದಿದ ಮೇಲೆ "ಅರ್ಥ ಆಯ್ತಾ?" ಅಂತ ಕೇಳಬೇಡಿ. ಎಲ್ಲರೂ ಹೂಂ ಅಂತಾರೆ. "ಇದರ ಪ್ರಕಾರ ನೀವು ಏನು ಮಾಡಬೇಕು, ಹೇಳಿ" ಅಂತ ಕೇಳಿ. ಈ ಕೇಸಿನಲ್ಲಿ ತಂಗಿ 6 ಮತ್ತು 7ನ್ನು ತಮ್ಮ ಮಾತಿನಲ್ಲಿ ಸರಿಯಾಗಿ ಹೇಳಿದರು. "ದುಡ್ಡು ಪೂರ್ತಿ ಬಂದ್ಮೇಲೆ ಹದಿನೈದು ದಿನಕ್ಕೆ ಕೋಣೆ ಬಿಡಬೇಕು, ಅಲ್ವಾ ಸಾರ್?" ಅಣ್ಣನೂ ತಲೆ ಆಡಿಸಿದರು.

ತಮ್ಮನ ಸರದಿ ಬಂತು. ನೀರಿನ ಷರತ್ತು ಓದಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಸಾರ್, ಸರದಿ ಸರಿ. ಮೋಟರ್ ಸುಟ್ಟೋದ್ರೆ ರಿಪೇರಿ ಯಾರು ಮಾಡಿಸೋದು?"

ಅದು ಯಾರಿಗೂ ಹೊಳೆದಿರಲಿಲ್ಲ. ಅಣ್ಣನ ಕಡೆ ತಿರುಗಿ ಅವರೇ ಕೇಳಿದರು, "ಅಣ್ಣಾ, ಮೂರು ಪಾಲು ಹಾಕೋಣವಾ?" ಅಣ್ಣ ಒಪ್ಪಿದರು, ತಂಗಿಯೂ ಒಪ್ಪಿದರು. ಬೋರ್‌ವೆಲ್ ಮೋಟರ್ ಮತ್ತು ಪೈಪಿನ ರಿಪೇರಿ ಖರ್ಚನ್ನು ವಾದಿ, 1ನೇ ಪ್ರತಿವಾದಿ, 2ನೇ ಪ್ರತಿವಾದಿ ಮೂವರೂ ಸಮವಾಗಿ ಕೊಡತಕ್ಕದ್ದು ಅಂತ ಬರೆದೆವು. ನೀರಿನ ಷರತ್ತಿನ ಪಕ್ಕದಲ್ಲಿ ಅಲ್ಲ, ಕೊನೆಯಲ್ಲಿ, 14ನೇ ಷರತ್ತಾಗಿ. ಉಳಿದ ಹದಿಮೂರರ ನಂಬರ್ ಕದಲಲಿಲ್ಲ. ಆಮೇಲೆ ಪುಟ ಪುಟಕ್ಕೂ ಸಹಿ ಹಾಕಿಸಿದೆವು.